ಐದು ತಿಂಗಳ ಬಸುರಿ ವೈನಿ ಬಳಪ, ಮಣ್ಣು ತಿನ್ನುತ್ತಾರೆ. ಬಯಕೆ ಅಂತ ಬಿಡಬೇಕಾ, ರಕ್ತ ಕಮ್ಮಿ ಅಂತ ನೋಡಬೇಕಾ?

ಭೀಮಾತೀರದವಳು
ಎಲ್ಲರಿಗೂ ನಮಸ್ಕಾರ. ನಾವು ಯಾದಗಿರಿ ಜಿಲ್ಲೆ, ಶಹಾಪುರ ಕಡೆಯವರು. ನಮ್ಮ ವೈನಿಗೆ ಐದು ತಿಂಗಳು ತುಂಬಿದೆ. ಇದು ಎರಡನೇ ಬಸುರು, ಮೊದಲ ಮಗುವಿಗೆ ಇನ್ನೂ ಎರಡು ವರ್ಷ ಆಗಿಲ್ಲ. ಮೊನ್ನೆ ಬಟ್ಟೆ ಒಗೆಯಲು ಹಾಕುವಾಗ ಅವರ ಸೆರಗಿನ ಗಂಟಿನಲ್ಲಿ ಬಳಪದ ಚೂರು ಸಿಕ್ಕವು. ಕೇಳಿದರೆ ಮೊದಲು ನಕ್ಕು ಸುಮ್ಮನಾದರು. ಆಮೇಲೆ ಒಪ್ಪಿಕೊಂಡರು. ದಿನಾ ನಾಲ್ಕೈದು ಬಳಪ ಕಡಿಯುತ್ತಾರಂತೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಲ ಮಣ್ಣಿನ ಗೋಡೆಗೆ ನೀರು ಚಿಮುಕಿಸಿ ಆ ವಾಸನೆ ತಗೊಳ್ಳುತ್ತಾರೆ, ಒಂದಿಷ್ಟು ಕೆರೆದು ಬಾಯಿಗೂ ಹಾಕಿಕೊಳ್ಳುತ್ತಾರೆ.

ಅವ್ವ "ಬಸುರಿ ಬಯಕೆ, ತಡೀಬಾರದು" ಅಂತಾಳೆ. ಅಣ್ಣ ಬೈದು ಬಳಪ ಎಲ್ಲ ಎಸೆದ, ವೈನಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.6 ಅಂತ ಬರೆದಿದ್ದಾರೆ. ಕೆಂಪು ಗುಳಿಗೆ ಕೊಟ್ಟು ಎರಡು ತಿಂಗಳಾಯಿತು, ದಿನಾ ನುಂಗುತ್ತಾರೆ, ನಾನೇ ನೋಡಿದ್ದೇನೆ. ಹಾಗಿದ್ದರೆ ರಕ್ತ ಯಾಕೆ ಏರಿಲ್ಲ? ಈ ಮಣ್ಣಿಗೂ ರಕ್ತಕ್ಕೂ ಸಂಬಂಧ ಇದೆಯಾ?

ಆಳಂದದ ಆಯಿ
ನಾನು ಮೂರು ಹೆತ್ತಿದ್ದೇನೆ ತಂಗಿ. ಮೂರಕ್ಕೂ ಒಲೆ ಮಣ್ಣು ತಿಂದೆ, ವಿಭೂತಿ ತಿಂದೆ. ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತೆ ಅಂತ ನಮ್ಮ ಅತ್ತಿ ಹೇಳುತ್ತಿದ್ದರು. ಆಕೆಯನ್ನು ಬೈಯಬೇಡಿ, ಅಷ್ಟು ಮಾಡಿ ಸಾಕು.

ಕಲಬುರಗಿ ಕಿರಣ್
ಆಯಿ, ಬೈಯಬಾರದು ಅನ್ನೋದು ಸರಿ. ಕಿವಿ ಸೋರೋದಕ್ಕೂ ಬಯಕೆಗೂ ಸಂಬಂಧ ಇಲ್ಲ.

ಬೀದರ್ ಕೆಮ್ಮಣ್ಣು
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಮೈಯಲ್ಲಿ ಕಬ್ಬಿಣ ಕಮ್ಮಿ ಆದಾಗ ಮೈಯೇ ಕೇಳುತ್ತದೆ. ನಮ್ಮ ಬೀದರಿನ ನೆಲ ನೋಡಿ, ಕೆಂಪು ಯಾಕಿದೆ? ಕಬ್ಬಿಣ ಇರೋದಕ್ಕೆ. ಬಸುರಿ ಕೆಂಪು ಮಣ್ಣು ತಿಂದರೆ ಕಬ್ಬಿಣ ಸಿಗುತ್ತದೆ. ಹಳೆಯವರು ಸುಮ್ನೆ ಮಾಡಿದ್ದಲ್ಲ. ಹುಳದ ಭಯ ಇದ್ದರೆ ಹುರಿದು ತಿನ್ನಲಿ. ಶಹಾಪುರ ಕಡೆ ಕರಿ ಮಣ್ಣು ಜಾಸ್ತಿ, ಅದರಲ್ಲಿ ಲಾಭ ಇಲ್ಲ ಅಷ್ಟೇ.

ಹೆರಿಗೆ ವಾರ್ಡ್
ನಾನು ಈ ಭಾಗದಲ್ಲೇ ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಮೊದಲು ಕೆಮ್ಮಣ್ಣು ಅವರ ಮಾತಿಗೆ ಬರುತ್ತೇನೆ, ಯಾಕಂದ್ರೆ ಇದೇ ಮಾತು ಓಪಿಡಿಯಲ್ಲಿ ಓದಿದವರೂ ಹೇಳುತ್ತಾರೆ.

ಬೀದರ್ ಮಣ್ಣಲ್ಲಿ ಕಬ್ಬಿಣ ಇರೋದು ನಿಜ. ಆದರೆ ಅದು ತುಕ್ಕಿನ ರೂಪದಲ್ಲಿದೆ. ಅದು ಹೊಟ್ಟೆಯಲ್ಲಿ ಕರಗಿ ಕರುಳಿನಿಂದ ರಕ್ತಕ್ಕೆ ಹೋಗೋದು ತೀರಾ ಕಮ್ಮಿ. ಅದಕ್ಕಿಂತ ದೊಡ್ಡ ತೊಂದರೆ ಜೇಡಿಯದು. ಜೇಡಿ ಇರುವ ಮಣ್ಣು ಊಟದಲ್ಲಿರುವ ಕಬ್ಬಿಣವನ್ನು ತನಗೇ ಅಂಟಿಸಿಕೊಂಡು ಮಲದಲ್ಲಿ ಹೊರಗೆ ಒಯ್ಯುತ್ತದೆ. ಎಲ್ಲ ಮಣ್ಣೂ ಒಂದೇ ಥರ ಹಿಡಿಯಲ್ಲ, ಆದರೆ ನಮ್ಮ ಹಿತ್ತಲ ಮಣ್ಣು ಯಾವ ಥರದ್ದು ಅಂತ ಯಾರು ನೋಡಿದ್ದಾರೆ? ರಕ್ತ ಆಗಲಿ ಅಂತ ತಿಂದ ಮಣ್ಣು ಗುಳಿಗೆಯ ಕಬ್ಬಿಣಕ್ಕೇ ಅಡ್ಡ ಬರಬಹುದು. ಹುರಿದರೆ ಹುಳದ ಮೊಟ್ಟೆ ಸಾಯುತ್ತವೆ, ಅಷ್ಟು ಒಪ್ಪುತ್ತೇನೆ. ಆದರೆ ಈ ಅಂಟಿಸಿಕೊಳ್ಳುವ ಗುಣ ಒಲೆಯ ಹುರಿತಕ್ಕೆ ಹೋಗುತ್ತದೆ ಅಂತ ನಂಬಬೇಡಿ. ಮಣ್ಣಲ್ಲಿ ಸೀಸ ಇದ್ದರಂತೂ ಎಷ್ಟು ಹುರಿದರೂ ಅಲ್ಲೇ ಇರುತ್ತದೆ.

ಇನ್ನು ತಂಗಿ, ನಿಮ್ಮ ಪ್ರಶ್ನೆ. ಮಣ್ಣು, ಬಳಪ, ಹಸಿ ಅಕ್ಕಿ, ಐಸು, ಇಟ್ಟಂಗಿ ಚೂರು, ಇವಕ್ಕೆ ಜೀವ ಹಾತೊರೆಯುವುದನ್ನು ನಾವು ಪಿಕಾ ಅಂತೀವಿ. ಕಬ್ಬಿಣ ಕಮ್ಮಿ ಇರುವವರಲ್ಲಿ ಇದು ಜಾಸ್ತಿ ಕಾಣುತ್ತದೆ. ಕಬ್ಬಿಣ ಕಮ್ಮಿ ಆಗಿ ಹಂಬಲ ಹುಟ್ಟುತ್ತದಾ, ಮಣ್ಣು ತಿಂದು ಕಬ್ಬಿಣ ಕಮ್ಮಿ ಆಗುತ್ತದಾ ಅನ್ನೋ ವಾದ ಇನ್ನೂ ಮುಗಿದಿಲ್ಲ. ಎರಡೂ ಕಡೆಗೆ ಉದಾಹರಣೆ ಇವೆ. ಬಸುರಿಗೆ 11ಕ್ಕಿಂತ ಕೆಳಗಿದ್ದರೆ ರಕ್ತ ಕಮ್ಮಿ ಅಂತ ಲೆಕ್ಕ, 8.6 ಅಂದರೆ ಮಧ್ಯಮ ಮಟ್ಟದ ಕೊರತೆ. ಮೊದಲ ಹೆರಿಗೆ ಆಗಿ ಎರಡು ವರ್ಷದೊಳಗೆ ಮತ್ತೆ ಬಸುರಾಗಿದ್ದಾರೆ, ಅಂದ್ರೆ ಖಾಲಿಯಾದ ಕಣಜ ತುಂಬುವ ಮೊದಲೇ ಮತ್ತೆ ತೆಗೆಯಲು ಶುರು ಆಗಿದೆ.

ಒಂದೇ ಪ್ರಶ್ನೆ. ಗುಳಿಗೆ ನುಂಗುತ್ತಾರೆ ಅಂದಿರಿ. ಯಾವ ಹೊತ್ತಿಗೆ, ಯಾವುದರ ಜೊತೆ?

ಹುಮನಾಬಾದ್ ಅಪ್ಪ
ಮೇಡಂ, ನನ್ನ ಮಗನೂ ಮಣ್ಣು ತಿಂತಾನೆ. ಮೂರು ವರ್ಷ. ಅವನಿಗೂ ಇದೇ ಗುಳಿಗೆ ಅರ್ಧ ಮಾಡಿ ಕೊಡಬಹುದಾ?

ಹೆರಿಗೆ ವಾರ್ಡ್
ಬೇಡವೇ ಬೇಡ. ಬಸುರಿಯ ಗುಳಿಗೆಯನ್ನು ಮಗುವಿಗೆ ಕೊಡಬೇಡಿ, ಮಗುವಿನ ಕೈಗೆ ಸಿಗುವ ಜಾಗದಲ್ಲೂ ಇಡಬೇಡಿ. ಕೆಂಪಗೆ ಸಿಹಿ ಲೇಪ ಇರುತ್ತದೆ, ಮಕ್ಕಳು ಪೆಪ್ಪರಮಿಂಟು ಅಂದುಕೊಂಡು ಹಿಡಿಗಟ್ಟಲೆ ತಿಂದರೆ ಜೀವಕ್ಕೆ ಅಪಾಯ. ಮಕ್ಕಳಿಗೆ ಸಿರಪ್ ಬೇರೆ ಇದೆ, ತೂಕ ನೋಡಿ ಕೊಡುತ್ತಾರೆ. ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತ ನೋಡಿಸಿ.

ಭೀಮಾತೀರದವಳು
ಮೇಡಂ, ವೈನಿಯನ್ನು ಕೂರಿಸಿ ಕೇಳಿದೆ. ಬೆಳಗ್ಗೆ ಉಪ್ಪಿಟ್ಟು ತಿಂದ ಮೇಲೆ ಕೆಂಪು ಗುಳಿಗೆ, ಬಿಳಿ ಕ್ಯಾಲ್ಸಿಯಂ ಗುಳಿಗೆ ಎರಡನ್ನೂ ಒಟ್ಟಿಗೆ ನುಂಗುತ್ತಾರೆ. ಮರೆಯಬಾರದು ಅಂತ ಹಾಗೆ ಮಾಡುತ್ತಾರಂತೆ. ಮೇಲೆ ಒಂದು ಕಪ್ ಚಹಾ. ನೀರು ಕುಡಿದರೆ ವಾಕರಿಕೆ ಬರುತ್ತೆ ಅಂತ ಚಹಾದಲ್ಲೇ ನುಂಗೋದೂ ಉಂಟು. ಒಂದು ತಾಸು ಬಿಟ್ಟು ಬಳಪ.

ಚಿಂಚೋಳಿ ಆಶಾ
ಅಯ್ಯೋ, ಸಿಕ್ಕಿತಲ್ಲ! ನಮ್ಮ ಹಳ್ಳಿಯಲ್ಲಿ ಹತ್ತು ಮನೆಗೆ ಹೋದರೆ ಬಹಳಷ್ಟು ಮನೆಯಲ್ಲಿ ಇದೇ ಕಥೆ. ಗುಳಿಗೆ ಖಾಲಿ ಆಗಿರುತ್ತದೆ, ರಕ್ತ ಏರಿರಲ್ಲ.

ಹೆರಿಗೆ ವಾರ್ಡ್
ಹೌದು, ಗಂಟು ಇಲ್ಲೇ ಇದೆ. ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ. ಕ್ಯಾಲ್ಸಿಯಂ ಗುಳಿಗೆ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಅದರ ಮೇಲೆ ಬಳಪ. ಸುಣ್ಣದ ಅಂಶದ ಬಳಪ ಅಂದರೆ ಅದೂ ಒಂಥರಾ ಕ್ಯಾಲ್ಸಿಯಂ ಗುಳಿಗೆಯೇ, ಹೊಟ್ಟೆಯ ಹುಳಿಯನ್ನೂ ಕಮ್ಮಿ ಮಾಡುತ್ತದೆ. ಕಬ್ಬಿಣ ಕರಗಬೇಕಾದರೆ ಆ ಹುಳಿ ಬೇಕು. ಒಂದು ಗುಳಿಗೆಗೆ ಮೂರು ಕಡೆಯಿಂದ ಅಡ್ಡಿ ಆದ ಹಾಗಾಯಿತು.

ಹೀಗೆ ಮಾಡಿಸಿ ನೋಡಿ. ಬೆಳಗ್ಗೆ ಒಂಬತ್ತಕ್ಕೆ ರೊಟ್ಟಿ ಜೊತೆ ಬಿಳಿ ಗುಳಿಗೆ. ಹನ್ನೊಂದೂವರೆ ಸುಮಾರಿಗೆ ಕೆಂಪು ಗುಳಿಗೆ, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಎರಡಕ್ಕೆ ಮಧ್ಯಾಹ್ನದ ಊಟದ ಜೊತೆ ಇನ್ನೊಂದು ಬಿಳಿ. ಚಹಾ ಬಿಡಿ ಅಂದರೆ ಯಾರೂ ಬಿಡಲ್ಲ, ಹಾಗಾಗಿ ಕೆಂಪು ಗುಳಿಗೆಗೂ ಚಹಾಕ್ಕೂ ನಡುವೆ ಒಂದು ತಾಸಾದರೂ ಇರಲಿ, ಬಿಳಿಗೂ ಕೆಂಪಿಗೂ ನಡುವೆ ಎರಡು ತಾಸು. ಸರಕಾರಿ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ರಕ್ತ ಸರಿ ಇದ್ದವರಿಗೆ ದಿನಕ್ಕೆ ಒಂದು ಸಾಕು. 8.6 ಇರುವವರಿಗೆ ಎರಡು ಬೇಕು, ಇದು 2018ರಿಂದ ಅನೀಮಿಯಾ ಮುಕ್ತ ಭಾರತದ ನಿಯಮದಲ್ಲೇ ಇದೆ. ನಿಮ್ಮ ಡಾಕ್ಟರನ್ನು ಕೇಳಿ ಅವರು ಹೂಂ ಅಂದರೆ ಎರಡನೆಯದನ್ನು ರಾತ್ರಿ ಊಟ ಆಗಿ ಎರಡು ತಾಸಿನ ಮೇಲೆ, ಮಲಗುವಾಗ ಕೊಡಿ. ಮಲಗುವ ಹೊತ್ತಿಗೆ ತಗೊಂಡರೆ ವಾಕರಿಕೆಯೂ ಎಷ್ಟೋ ಕಮ್ಮಿ.

ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಲಬದ್ಧತೆ ಆಗಬಹುದು, ನೀರು, ಸೊಪ್ಪು ಜಾಸ್ತಿ ಮಾಡಿ.

ಲ್ಯಾಬ್ ಕೋಣೆ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೀ ಹಿಮೋಗ್ಲೋಬಿನ್ ನೋಡಿ ಕಬ್ಬಿಣದ್ದೇ ಕೊರತೆ ಅಂತ ಹೇಳಲು ಆಗಲ್ಲ. ಸಿಬಿಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಎಂಸಿವಿ ಅಂತ ಇರುತ್ತದೆ, ಕೆಂಪು ಕಣ ಎಷ್ಟು ದಪ್ಪ ಅನ್ನೋ ಲೆಕ್ಕ. 80ಕ್ಕಿಂತ ಕೆಳಗೆ ಬಂದರೆ ಕಣ ಸಣ್ಣದು, ಕಬ್ಬಿಣದ ಕಡೆ ಬೆರಳು ತೋರಿಸುತ್ತದೆ. ಆಮೇಲೆ ಫೆರಿಟಿನ್. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣ. 15ರ ಕೆಳಗೆ ಅಂದರೆ ಖಾಲಿ ಅಂತಲೇ. ಬಸುರಿಯರಲ್ಲಿ 30ರ ಕೆಳಗಿದ್ದರೂ ಈಗಿನ ಡಾಕ್ಟರರು ಕಮ್ಮಿ ಅಂತಲೇ ನೋಡುತ್ತಾರೆ. ಒಂದು ಎಚ್ಚರ: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಏರಿ ಕಾಣುತ್ತದೆ. ನೆಗಡಿ ಜ್ವರ ಇದ್ದಾಗ ಮಾಡಿಸಬೇಡಿ.

ಸೇಡಂ ಶೀಲಾ
ನನ್ನದು ಮಣ್ಣಲ್ಲ, ಐಸು. ಫ್ರಿಜ್ಜಿನ ಟ್ರೇ ಎಲ್ಲ ನನಗೇ. ಕಟಕಟ ಅಂತ ಕಡಿಯದಿದ್ದರೆ ತಲೆ ಓಡುತ್ತಿರಲಿಲ್ಲ. ಮನೆಯವರು "ನಮ್ಮ ಕಡೆ ಬಿಸಿಲು, ಯಾರಿಗೆ ಐಸು ಬೇಡ?" ಅಂತಿದ್ದರು. ಮೇ ತಿಂಗಳಲ್ಲಿ ಹಾಗೆ ಅನ್ನಿ, ದೀಪಾವಳಿ ಆಗಿ ಚಳಿ ಬಿದ್ದಾಗ, ನಡುರಾತ್ರಿ ಎದ್ದು ಐಸು ಕಡಿಯುವವಳಿಗೆ ಏನಂತೀರಿ? ತಣ್ಣೀರು ಕೊಟ್ಟರೆ ಬೇಡ, ಕಡಿಯೋಕೇ ಬೇಕು. ಫೆರಿಟಿನ್ 7 ಬಂತು. ಕಬ್ಬಿಣ ಸರಿಯಾಗಿ ಶುರು ಮಾಡಿದ ಮೇಲೆ ಆ ಹುಚ್ಚು ಹೋಗಿದ್ದೇ ಗೊತ್ತಾಗಲಿಲ್ಲ. ಒಂದು ದಿನ ಟ್ರೇ ತುಂಬಿಯೇ ಇತ್ತು, ಆಗ ನೆನಪಾಯಿತು. ಹಿಮೋಗ್ಲೋಬಿನ್ ಆಗಿನ್ನೂ ಹೆಚ್ಚೇನೂ ಏರಿರಲಿಲ್ಲ.

ಹೆರಿಗೆ ವಾರ್ಡ್
ಶೀಲಾ ಅವರು ಹೇಳಿದ್ದು ತುಂಬ ಮುಖ್ಯ. ಹಂಬಲ ಮೊದಲು ಇಳಿಯುತ್ತದೆ, ರಕ್ತ ಆಮೇಲೆ ಏರುತ್ತದೆ. ಐಸಿನ ವಿಷಯದಲ್ಲಿ ಒಂದೆರಡು ವಾರದೊಳಗೇ ಎಷ್ಟೋ ಜನರಿಗೆ ಇಳಿಯುತ್ತದೆ. ಹಾಗಾಗಿ ಮನೆಯಲ್ಲಿ ಕದ್ದು ತಿನ್ನೋ ಪರಿಸ್ಥಿತಿ ತರಬೇಡಿ. ಎದುರಿಗೇ ಹೇಳುವ ಹಾಗಿದ್ದರೆ "ಈ ವಾರ ಬಳಪ ಕಮ್ಮಿ ಆಯಿತಾ?" ಅಂತ ಕೇಳಿಯೇ ಗುಳಿಗೆ ಹಿಡಿಯುತ್ತಿದೆಯಾ ಅಂತ ಅಂದಾಜು ಮಾಡಬಹುದು. ಬೈದರೆ ಆ ಗುರುತೂ ಕೈತಪ್ಪುತ್ತದೆ. ಮಣ್ಣು, ಬಳಪ ಐಸಿನಷ್ಟು ಬೇಗ ಬಿಡಲ್ಲ, ಅದರಲ್ಲಿ ರೂಢಿಯೂ ಸೇರಿರುತ್ತದೆ.

ಬೀದರ್ ಕೆಮ್ಮಣ್ಣು
ಮೇಡಂ, ತುಕ್ಕಿನ ಮಾತು ತಿಳಿಯಿತು. ಆದರೆ ನಮ್ಮ ಬಿದ್ರಿ ಕೆಲಸದವರು ಕೋಟೆ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿಯೇ ಆರಿಸೋದು. ತಲೆಮಾರುಗಳಿಂದ ಮಾಡುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಕಲಬುರಗಿ ಕಿರಣ್
ರುಚಿ ನೋಡೋದು ಬೇರೆ, ದಿನಾ ಹಿಡಿ ಹಿಡಿ ತಿನ್ನೋದು ಬೇರೆ ಅಲ್ವಾ ಅಣ್ಣಾ? ಮತ್ತೆ ಆ ಮಣ್ಣು ಬೇಕಾಗಿರೋದು ನವಸಾಗರದ ಜೊತೆ ಕುದಿಸಿ ಸತುವನ್ನು ಕಪ್ಪು ಮಾಡೋದಕ್ಕೆ. ಪಾತ್ರೆಯನ್ನೇ ಕಪ್ಪು ಮಾಡುವ ಮಣ್ಣನ್ನು ಬಸುರಿಗೆ ತಿನ್ನಿಸೋದಾ?

ಬೀದರ್ ಕೆಮ್ಮಣ್ಣು
ಕೋಟೆ ಮಣ್ಣು ತಿನ್ನಿಸಿ ಅಂತ ನಾನು ಎಲ್ಲೂ ಹೇಳಿಲ್ಲ. ಕೋಟೆಯ ಒಳಗೆ ಮಳೆ ಬೀಳದ, ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು ಅದಕ್ಕೆ. ಈಗ ಅದೂ ಸಿಗೋದು ಕಷ್ಟ ಆಗಿದೆ.

ಚಿಂಚೋಳಿ ಆಶಾ
ಬಿದ್ರಿ ಚರ್ಚೆ ಬೇರೆ ಕಡೆ ಮಾಡಿ ಅಣ್ಣಂದಿರೇ.

ಆಯಿಗೆ ಒಂದು ಮಾತು. ನೀವು ತಿಂದಿರಿ, ಮಕ್ಕಳು ಚೆನ್ನಾಗಿದ್ದಾರೆ, ಒಪ್ಪಿದೆ. ಆದರೆ ಆಗ ನಿಮ್ಮ ರಕ್ತ ಎಷ್ಟಿತ್ತು ಅಂತ ಯಾರಾದರೂ ನೋಡಿದ್ದರಾ? ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. 11 ಇದ್ದವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ 7 ಇದ್ದವಳಿಗೆ ಜೀವಕ್ಕೇ ಬರುತ್ತದೆ. ಒಂದು ಹೆರಿಗೆಯಲ್ಲಿ ನಾನು ಜೊತೆಗಿದ್ದೆ, ರಾತ್ರಿ ರಕ್ತದ ಬಾಟಲಿಗಾಗಿ ಮನೆಯವರು ಓಡಾಡಿದ್ದನ್ನು ನೋಡಿದ್ದೇನೆ. ಆಕೆಯೂ ಇಟ್ಟಂಗಿ ಚೂರು ತಿನ್ನುತ್ತಿದ್ದಳು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನಮಗೆ ಯಾರೂ ಹೇಳಿರಲಿಲ್ಲ.

ಈಗ ನಾನು ಮನೆಗೆ ಹೋದರೆ "ಮಣ್ಣು ತಿಂತೀಯಾ?" ಅಂತ ಕೇಳಲ್ಲ. ಕೇಳಿದರೆ ಇಲ್ಲ ಅಂತಾರೆ. "ಮೊದಲ ಮಳೆ ವಾಸನೆಗೆ ಬಾಯಲ್ಲಿ ನೀರು ಬರುತ್ತಾ ಅಕ್ಕಾ?" ಅಂತೀನಿ. ಅಷ್ಟಕ್ಕೇ ಮುಖ ಅರಳುತ್ತದೆ, ಎಲ್ಲ ಹೇಳುತ್ತಾರೆ. ಆಮೇಲೆ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡುತ್ತೇನೆ. ಒಳಗೆ ಬಿಳಚಿದ್ದರೆ ಅವತ್ತೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ.

ಆಳಂದದ ಆಯಿ
ಆಗ ರಕ್ತ ಯಾರು ನೋಡುತ್ತಿದ್ದರು ತಾಯಿ. ನೋಡಿಸಲಿ, ನಾನೂ ಬೇಡ ಅನ್ನಲ್ಲ. ಆದರೆ ಆ ಹಸಿಮಣ್ಣಿನ ವಾಸನೆ ಹತ್ತಿದ ಹೆಣ್ಣಿಗೆ ಎಷ್ಟು ಸಂಕಟ ಅಂತ ತಿಂದವಳಿಗೇ ಗೊತ್ತು.

ಶಹಾಬಾದ್ ಗೃಹಿಣಿ
ನನಗೂ ಬಸುರಿದ್ದಾಗ ಮಣ್ಣಿನ ಹಂಬಲ ಇತ್ತು. ಫರಸಿ ತೊಳೆದಾಗ ಬರುವ ವಾಸನೆಗೆ ನೆಲ ನೆಕ್ಕಬೇಕು ಅನ್ನಿಸುತ್ತಿತ್ತು. ಆದರೆ ನನ್ನ ರಕ್ತ 12 ಇತ್ತು! ಹಾಗಾದರೆ ಎಲ್ಲದಕ್ಕೂ ಕಬ್ಬಿಣ ಅಂತ ಹೇಗೆ ಹೇಳುತ್ತೀರಿ?

ಲ್ಯಾಬ್ ಕೋಣೆ
ಫೆರಿಟಿನ್ ನೋಡಿಸಿದ್ದಿರಾ? ಕೂಡಿಟ್ಟದ್ದು ಖಾಲಿ ಆದ ಮೇಲೆಯೇ ಹಿಮೋಗ್ಲೋಬಿನ್ ಇಳಿಯೋದು. 12 ಇದ್ದರೂ ಒಳಗೆ ಖಾಲಿ ಇರಬಹುದು.

ಶಹಾಬಾದ್ ಗೃಹಿಣಿ
ನೋಡಿಸಿದ್ದೆ. 40ರ ಮೇಲೇ ಇತ್ತು.

ಹೆರಿಗೆ ವಾರ್ಡ್
ಹಾಗೂ ಆಗುತ್ತದೆ. ಕಬ್ಬಿಣ ಸರಿ ಇದ್ದೂ ಮಣ್ಣಿನ ಹಂಬಲ ಇರುವವರನ್ನು ನಾನೂ ನೋಡಿದ್ದೇನೆ. ಹಂಬಲ ಇದೆ ಅಂದರೆ ರಕ್ತ ನೋಡಿಸಬೇಕು, ಅಷ್ಟನ್ನೇ ನಾನು ಹೇಳೋದು. ನೋಡದೇ ಗುಳಿಗೆ ಹೆಚ್ಚು ಮಾಡಬೇಡಿ.

ಭೀಮಾತೀರದವಳು
ಕೆಲವು ದಿನ ಬರಲಾಗಲಿಲ್ಲ. ಡಾಕ್ಟರಿಗೆ ತೋರಿಸಿದೆವು. ಎಂಸಿವಿ 68, ಫೆರಿಟಿನ್ 6. ಅವರು ಕೆಂಪು ಗುಳಿಗೆ ಎರಡು ಮಾಡಿದರು, ಹುಳದ ಗುಳಿಗೆ ಒಂದು ಕೊಟ್ಟರು. ಹೊತ್ತು ಇಲ್ಲಿ ಹೇಳಿದ ಹಾಗೇ ಇಟ್ಟಿದ್ದೇವೆ, ನಿಂಬೆ ನೀರು ನಾನೇ ಮಾಡಿಕೊಡುತ್ತೇನೆ. ಗೋಡೆಗೆ ನೀರು ಚಿಮುಕಿಸೋದು ನಿಂತಿದೆ. ಬಳಪ ಇನ್ನೂ ಇದೆ, ಆದರೆ ದಿನಕ್ಕೆ ಒಂದೋ ಎರಡೋ. ಮೊದಲು ಮಡಚಿದ ಕಾಗದದಲ್ಲಿ ಬಚ್ಚಿಡುತ್ತಿದ್ದರು, ಈಗ ನನ್ನೆದುರಿಗೇ ತೆಗೆಯುತ್ತಾರೆ. ಅಂಗಡಿಯ ಬಳಪ ಬಿಟ್ಟು, ಆನ್‌ಲೈನ್‌ನಲ್ಲಿ ತಿನ್ನುವ ಬಳಪ ಅಂತಲೇ ಮಾರುತ್ತಾರಲ್ಲ, ಅದನ್ನು ತರಿಸಲಾ ಅಂತ ಅಣ್ಣ ಕೇಳುತ್ತಿದ್ದಾನೆ. ಅದು ಶುದ್ಧ ಇರುತ್ತದಾ?

ಹೆರಿಗೆ ವಾರ್ಡ್
ಬೇಡ. ತಿನ್ನುವ ಬಳಪ ಅಂತ ಬರೆದ ಮಾತ್ರಕ್ಕೆ ಅದರಲ್ಲಿ ಸೀಸ ಇಲ್ಲ ಅಂತ ಯಾರೂ ಖಾತ್ರಿ ಕೊಡಲ್ಲ. ಶುದ್ಧ ಇದ್ದರೂ ಕಬ್ಬಿಣಕ್ಕೆ ಅಡ್ಡಿಯಂತೂ ಹಾಗೇ. ಕಡಿಯಬೇಕು ಅನ್ನಿಸಿದಾಗ ಹುರಿಗಡಲೆ, ಶೇಂಗಾ ಚಿಕ್ಕಿ, ಇಂಥ ಗಟ್ಟಿ ಏನಾದರೂ ಕೈಗೆ ಕೊಡಿ. ಎಲ್ಲರಿಗೂ ಇದು ಕೆಲಸ ಮಾಡಲ್ಲ, ಆದರೂ ಕೆಲವರಿಗೆ ಬಾಯಿಗೆ ಕಡಿಯೋ ಕೆಲಸ ಸಿಕ್ಕರೆ ಸಾಕಾಗುತ್ತದೆ.

ಕಲಬುರಗಿ ಕಿರಣ್
ಸೀಸದ ಪರೀಕ್ಷೆ ಎಲ್ಲ ಮಣ್ಣು ತಿನ್ನುವವರಿಗೂ ಬೇಕಾ?

ಹೆರಿಗೆ ವಾರ್ಡ್
ಇದರಲ್ಲಿ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. ರಸ್ತೆ ಬದಿ ಮಣ್ಣು, ಹಳೇ ಬಣ್ಣ ಬಳಿದ ಗೋಡೆ ಕೆರೆದದ್ದು, ಬ್ಯಾಟರಿ ರಿಪೇರಿ ಜಾಗದ ಹತ್ತಿರದ ಮಣ್ಣು ತಿಂದಿದ್ದರೆ ನಾನು ಮಾಡಿಸಿ ಅಂತೀನಿ. ಸೀಸ ಹಾಕಿದ ಪೆಟ್ರೋಲ್ 2000ದಲ್ಲಿ ನಿಂತಿತು, ಆದರೆ ಮಣ್ಣಿಗೆ ಬಿದ್ದ ಸೀಸ ಎಲ್ಲೂ ಹೋಗಲ್ಲ. ಅದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಹೋಗುತ್ತದೆ. ಮೈಯಲ್ಲಿ ಕಬ್ಬಿಣ ಕಮ್ಮಿ ಇದ್ದಾಗ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ, ಅದಕ್ಕೇ ಈ ಚಿಂತೆ. ಹಿತ್ತಲ ಮಣ್ಣಿಗೆ ಎಲ್ಲರಿಗೂ ಮಾಡಿಸಿ ಅಂದರೆ ಖರ್ಚು, ಸಿಗೋದೂ ದೊಡ್ಡ ಊರಲ್ಲೇ.

ಜೇವರ್ಗಿ ಅಕ್ಕ
ನನ್ನ ತಂಗಿಗೂ ಹೀಗೇ ಎರಡು ಗುಳಿಗೆ, ಹೊತ್ತು ತಪ್ಪಿಲ್ಲ, ಚಹಾ ಇಲ್ಲ. ಒಂದು ತಿಂಗಳಾಯಿತು, 8.9 ಇದ್ದದ್ದು 9 ಆಗಿದೆ ಅಷ್ಟೇ. ಇನ್ನೂ ಒಂದು ತಿಂಗಳು ನೋಡೋಣವಾ?

ಹೆರಿಗೆ ವಾರ್ಡ್
ನೋಡಬೇಡಿ. ಸರಿಯಾಗಿ ತಗೊಂಡರೆ ಒಂದು ತಿಂಗಳಿಗೆ ಕನಿಷ್ಠ 1 ಏರಬೇಕು. ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಿ. ಬಿ12 ಕಮ್ಮಿ ಇರಬಹುದು. ತಂದೆ ತಾಯಿಯಿಂದ ಬರುವ ಥಲಸ್ಸೀಮಿಯಾ ಗುಣ ಇರಬಹುದು, ಅದರಲ್ಲೂ ಎಂಸಿವಿ ಸಣ್ಣದೇ ಬರುತ್ತದೆ, ಕಬ್ಬಿಣ ಕೊಟ್ಟರೂ ಏರಲ್ಲ. ಅದಿದ್ದರೆ ಗಂಡನದ್ದೂ ನೋಡಿಸಬೇಕು. ಎಲ್ಲಿಂದಲಾದರೂ ರಕ್ತ ಹೋಗುತ್ತಿದೆಯಾ ಅಂತಲೂ ನೋಡಬೇಕು, ಮೂಲವ್ಯಾಧಿ ಇದ್ದವರು ನಾಚಿಕೆಗೆ ಹೇಳಲ್ಲ. ಎಷ್ಟು ತಿಂಗಳು ಈಗ?

ಜೇವರ್ಗಿ ಅಕ್ಕ
ಎಂಟು ಹತ್ತಿರ ಬಂತು.

ಹೆರಿಗೆ ವಾರ್ಡ್
ಹಾಗಿದ್ದರೆ ಈ ವಾರವೇ ಹೋಗಿ. ಹೆರಿಗೆ ಹತ್ತಿರ ಇರುವಾಗ ಗುಳಿಗೆಗೆ ಕಾಯುವಷ್ಟು ಸಮಯ ಇರಲ್ಲ, ಕಬ್ಬಿಣದ್ದೇ ಕೊರತೆ ಅಂತ ಖಚಿತ ಆದರೆ ಸಲೈನಿನಲ್ಲಿ ಕಬ್ಬಿಣ ಹಾಕುತ್ತಾರೆ. ಆಸ್ಪತ್ರೆಯಲ್ಲೇ, ಡಾಕ್ಟರ ಕಣ್ಣೆದುರೇ ಹಾಕಿಸಬೇಕು, ಅಪರೂಪಕ್ಕೆ ಕೆಲವರಿಗೆ ಮೈ ತಡೆಯಲ್ಲ. 7ರ ಕೆಳಗೆ ಇಳಿದರೆ ತಡ ಮಾಡದೇ ದೊಡ್ಡ ಆಸ್ಪತ್ರೆ, 5ರ ಕೆಳಗಿದ್ದರೆ ರಕ್ತವನ್ನೇ ಕೊಡುತ್ತಾರೆ.

ಚಿಂಚೋಳಿ ಆಶಾ
ಪ್ರತಿ ತಿಂಗಳು 9ನೇ ತಾರೀಖು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ ಅಕ್ಕಾ. ಆದರೆ ನೀವು 9ಕ್ಕೆ ಕಾಯಬೇಡಿ, ಮೇಡಂ ಹೇಳಿದ ಹಾಗೆ ಈಗಲೇ ಹೋಗಿ. ಊರಿನ ಆಶಾಗೆ ಹೇಳಿದರೆ ಜೊತೆಗೆ ಬರುತ್ತಾರೆ.

ಸೇಡಂ ಶೀಲಾ
ಹೆರಿಗೆ ಆದ ಮೇಲೆ ಗುಳಿಗೆ ಬಿಟ್ಟೆ, ಹಂಬಲ ಇಲ್ಲವಲ್ಲ ಅಂತ. ಈಗ ಕೂಸಿಗೆ ಮೂರು ತಿಂಗಳು. ಮತ್ತೆ ತಗೊಳ್ಳಬೇಕಾ?

ಚಿಂಚೋಳಿ ಆಶಾ
ಹೌದು. ಹೆರಿಗೆ ಆದ ಮೇಲೂ 180 ದಿನ ಅಂತ ನಿಯಮ ಇದೆ. ಮತ್ತೆ ಶುರು ಮಾಡಿ, ರಕ್ತ ಒಮ್ಮೆ ನೋಡಿಸಿ. ಹೆರಿಗೆಯಲ್ಲಿ ಹೋದದ್ದು ಇನ್ನೂ ತುಂಬಿರಲ್ಲ.

ಭೀಮಾತೀರದವಳು
ತಿಂಗಳ ಪರೀಕ್ಷೆ ಆಯಿತು, 9.8 ಬಂದಿದೆ. ಅವ್ವನೇ ಈಗ ರಾತ್ರಿ ಗುಳಿಗೆ ನೆನಪು ಮಾಡುತ್ತಾಳೆ. ಬಳಪ ಪೂರ್ತಿ ಬಿಟ್ಟಿಲ್ಲ, ವಾರಕ್ಕೆ ಎರಡು ಮೂರು ಸಲ ಕೈ ಹೋಗುತ್ತದೆ. ಮೇಡಂ, 11 ಆದ ಮೇಲೆ ಗುಳಿಗೆ ಒಂದಕ್ಕೆ ಇಳಿಸಬಹುದಾ?

ಹೆರಿಗೆ ವಾರ್ಡ್
ಇಳಿಸಬಹುದು, ಆದರೆ ಆ ಒಂದು ಹೆರಿಗೆವರೆಗೂ, ಹೆರಿಗೆ ಆದ ಮೇಲೂ 180 ದಿನ ಇರಲಿ. ಮುಂದಿನ ತಿಂಗಳೂ ನೋಡಿಸಿ. ಬಳಪದ ವಿಷಯ ತಾಯಿ ಕಾರ್ಡಿನಲ್ಲೇ ಬರೆಸಿ, ಹೆರಿಗೆಗೆ ಬೇರೆ ಊರಿಗೆ ಹೋದರೂ ಅಲ್ಲಿನವರಿಗೆ ಗೊತ್ತಾಗುತ್ತದೆ.